ಜ್ಯೂಸ್ ಹೀಟರ್‌ಗೆ ಫೀಡ್‌ಫಾರ್ವರ್ಡ್: ನಿಧಾನದ ಏರಿಳಿತಕ್ಕೆ ಮದ್ದು, ವೇಗದ್ದಕ್ಕೆ ಯಾಕೆ ಕಾಟ?

ಪ್ರಶ್ನೆ: ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ನೋಡಿಕೊಳ್ಳುತ್ತೇನೆ. ಸಲ್ಫೈಟೆಡ್ ಜ್ಯೂಸ್ ಹೀಟರ್‌ನಿಂದ ರಸ 103 ಡಿಗ್ರಿಯಲ್ಲಿ ಹೊರಬರಬೇಕು. ಒಳಗೆ ಬರುವಾಗ 75 ಡಿಗ್ರಿ, ಹರಿವು ಗಂಟೆಗೆ ಸುಮಾರು 100 ಟನ್. ಹರಿವು ಬದಲಾದಾಗ ಪಿಐ ಕಂಟ್ರೋಲರ್ ತಡವಾಗಿ ಎಚ್ಚೆತ್ತುಕೊಳ್ಳುತ್ತದೆಂದು ಫ್ಲೋ ಮೀಟರ್‌ನಿಂದ ಫೀಡ್‌ಫಾರ್ವರ್ಡ್ ತೆಗೆದು, ಲೀಡ್-ಲ್ಯಾಗ್ ಸಮೇತ ಸ್ಟೀಮ್ ವಾಲ್ವ್‌ಗೆ ಕೂಡಿಸಿದೆವು. ಹರಿವು ನಿಧಾನವಾಗಿ ಬದಲಾದರೆ ಬಹಳ ಚೆನ್ನಾಗಿದೆ. ಮುಕ್ಕಾಲು ನಿಮಿಷಕ್ಕೊಮ್ಮೆ ಹರಿವು ಮೇಲೆ ಕೆಳಗೆ ಆಡತೊಡಗಿದರೆ ಮಾತ್ರ ಉಷ್ಣತೆ ಫೀಡ್‌ಫಾರ್ವರ್ಡ್ ಇಲ್ಲದಿದ್ದಾಗಿನದಕ್ಕಿಂತ ಹೆಚ್ಚು ತೂಗಾಡುತ್ತದೆ. ಟೆಸ್ಟ್‌ನಲ್ಲಿ ಸಿಕ್ಕಿದ್ದು: ಸ್ಟೀಮ್ ಬದಲಿಸಿದರೆ ಡೆಡ್ ಟೈಮ್ 14 ಸೆಕೆಂಡು, ಲ್ಯಾಗ್ 60, ಹರಿವು ಬದಲಾದರೆ ಡೆಡ್ ಟೈಮ್ 4, ಲ್ಯಾಗ್ 40. ನಮ್ಮ ಮಾಡೆಲ್ ತಪ್ಪಿದೆಯೇ? ಎಷ್ಟು ಸರಿಯಿದ್ದರೆ ಸಾಕು?

ಉತ್ತರ: ಮಾಡೆಲ್ ಸರಿಯಾಗಿಯೇ ಇರಬಹುದು. ತೊಂದರೆ ಕೂತಿರುವುದು 14 ಮತ್ತು 4ರ ನಡುವಿನ ಹತ್ತು ಸೆಕೆಂಡಿನಲ್ಲಿ. ಗೇನ್ ಎಷ್ಟು ತಿದ್ದಿದರೂ ಆ ಹತ್ತು ಸೆಕೆಂಡು ಹೋಗುವುದಿಲ್ಲ. ಹಾಗಾಗಿ ಮೊದಲು ಅದು ಏನು ಮಾಡುತ್ತದೆ ಎಂದು ನೋಡೋಣ, ಗೇನಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸ್ಟೀಮಿನಿಂದ ಹೊರಗಿನ ಉಷ್ಣತೆಗೆ ಇರುವ ದಾರಿಯನ್ನು G ಎನ್ನೋಣ, ರಸದ ಹರಿವಿನಿಂದ ಅದೇ ಉಷ್ಣತೆಗೆ ಇರುವ ದಾರಿಯನ್ನು Gd. ಹರಿವು ಏರಿದ್ದರಿಂದ ಆಗುವ ಇಳಿತವನ್ನು ಸ್ಟೀಮ್ ಪೂರ್ತಿ ಅಳಿಸಬೇಕಾದರೆ ಫೀಡ್‌ಫಾರ್ವರ್ಡ್ ಬ್ಲಾಕ್ −Gd/G ಆಗಿರಬೇಕು. ನಮ್ಮ ಕೈಯಲ್ಲಿರುವುದು ನಿಜವಾದ G, Gd ಅಲ್ಲ, ನಾವು ಅಂದಾಜು ಮಾಡಿಕೊಂಡ Gm, Gdm. ಆಗ ಹರಿವಿನ ಏರಿಳಿತದಲ್ಲಿ ಅಳಿಯದೆ ಉಳಿಯುವ ಪಾಲು ಇಷ್ಟು:

```
e = 1 - (G / Gm) * (Gdm / Gd)
```

e ಸೊನ್ನೆಯಾದರೆ ಫೀಡ್‌ಫಾರ್ವರ್ಡ್ ತನ್ನ ಕೆಲಸವನ್ನು ಪೂರ್ತಿ ಮಾಡಿದೆ. ಅದರ ಗಾತ್ರ 1 ಆದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಒಂದನ್ನು ದಾಟಿದರೆ ನಾವೇ ಏರಿಳಿತವನ್ನು ದೊಡ್ಡದು ಮಾಡುತ್ತಿದ್ದೇವೆ.

ಈ ಸೂತ್ರದಲ್ಲಿ ಎರಡು ಅನುಪಾತಗಳಿವೆ ಎಂಬುದನ್ನು ಗಮನಿಸಿ. G ಮತ್ತು Gd ಎರಡರಲ್ಲೂ ಇರುವ ತಪ್ಪು ಒಂದನ್ನೊಂದು ಹೊಡೆದುಹಾಕುತ್ತದೆ. ಹೀಟರ್‌ನ ಹೊರಬಾಯಿಯಿಂದ ಥರ್ಮೋವೆಲ್‌ವರೆಗಿನ ಪೈಪಿನಲ್ಲಿ ರಸ ಓಡುವ ಸಮಯ, ಥರ್ಮೋವೆಲ್‌ನ ಸ್ವಂತ ಲ್ಯಾಗ್, ಇವೆರಡೂ ಸ್ಟೀಮಿನ ದಾರಿಯಲ್ಲೂ ಇವೆ, ಹರಿವಿನ ದಾರಿಯಲ್ಲೂ ಇವೆ. ಆದ್ದರಿಂದ ಹೊರಗಿನ ಥರ್ಮೋವೆಲ್ ಮಂದವಾಗಿದ್ದರೆ ಫೀಡ್‌ಬ್ಯಾಕ್‌ಗೆ ಕೆಟ್ಟದ್ದು, ಫೀಡ್‌ಫಾರ್ವರ್ಡ್‌ಗೆ ಏನೂ ಆಗುವುದಿಲ್ಲ. ಒಳಬರುವ ರಸದ ಉಷ್ಣತೆಯನ್ನು ಅಳೆಯುವ ಥರ್ಮೋವೆಲ್ ಮಂದವಾಗಿದ್ದರೆ ಕಥೆ ಬೇರೆ: ಅದನ್ನೂ ಫೀಡ್‌ಫಾರ್ವರ್ಡ್‌ಗೆ ತಂದರೆ ಅದು ಬ್ಲಾಕಿನ ಒಳಗೇ ಕೂರುತ್ತದೆ, ಅದನ್ನು ಹೊಡೆದುಹಾಕುವ ಜೋಡಿ ಎಲ್ಲೂ ಇಲ್ಲ.

ಈಗ ನಿಮ್ಮ ಅಂಕಿಗಳನ್ನು ಹಾಕೋಣ. ಲ್ಯಾಗ್‌ಗಳಿಗೆ ಲೀಡ್-ಲ್ಯಾಗ್ ಉತ್ತರ ಕೊಡುತ್ತದೆ: ಲೀಡ್ 60, ಲ್ಯಾಗ್ 40. ಡೆಡ್ ಟೈಮ್‌ಗೆ ಮಾತ್ರ ಬೇಕಾಗಿರುವುದು ಹರಿವು ಬದಲಾಗುವ ಹತ್ತು ಸೆಕೆಂಡು ಮೊದಲೇ ಸ್ಟೀಮನ್ನು ಬದಲಿಸುವುದು. ಅದು ಸಾಧ್ಯವಿಲ್ಲ. ಹಾಗಾಗಿ ಮಾಡೆಲ್ ಅಕ್ಷರಶಃ ಸರಿಯಿದ್ದರೂ ನಿಮ್ಮ ಫೀಡ್‌ಫಾರ್ವರ್ಡ್ ಯಾವಾಗಲೂ ಹತ್ತು ಸೆಕೆಂಡು ತಡ.

ಹತ್ತು ಸೆಕೆಂಡು ತಡ ಎಂದರೆ ಎಷ್ಟು ನಷ್ಟ? ಅದು ಹರಿವು ಎಷ್ಟು ಹೊತ್ತಿಗೊಮ್ಮೆ ಏರಿಳಿಯುತ್ತದೆ ಎಂಬುದರ ಮೇಲೆ ನಿಂತಿದೆ. ಏರಿಳಿತದ ಒಂದು ಸುತ್ತಿನ ಅವಧಿ P ಸೆಕೆಂಡು, ಸಮಯದ ತಪ್ಪು δ ಸೆಕೆಂಡು ಆದರೆ ಉಳಿಯುವ ಪಾಲು 2·sin(π·δ/P). ಹತ್ತು ನಿಮಿಷದ ನಿಧಾನದ ಏರಿಳಿತಕ್ಕೆ, ಅಂದರೆ P = 600 ಆದಾಗ, ಉಳಿಯುವುದು ಶೇ. 10 ಚಿಲ್ಲರೆ. 200 ಸೆಕೆಂಡಿನ ಏರಿಳಿತಕ್ಕೆ ಶೇ. 31. ಸರಿಯಾಗಿ 60 ಸೆಕೆಂಡಿಗೆ ಬಂದಾಗ ಶೇ. 100, ಅಂದರೆ ಲಾಭ ಸೊನ್ನೆ. ನಿಮ್ಮ ಮುಕ್ಕಾಲು ನಿಮಿಷಕ್ಕೆ, P = 45ಕ್ಕೆ, ಶೇ. 129. ನೀವು ಟ್ರೆಂಡಿನಲ್ಲಿ ನೋಡುತ್ತಿರುವುದು ಇದನ್ನೇ.

ಇದರಿಂದ ಬಾಯಲ್ಲೇ ಇಟ್ಟುಕೊಳ್ಳಬಹುದಾದ ಲೆಕ್ಕ ಒಂದು ಸಿಗುತ್ತದೆ: ಏರಿಳಿತದ ಅವಧಿ ಸಮಯದ ತಪ್ಪಿನ ಆರು ಪಟ್ಟಿಗಿಂತ ಕಡಿಮೆಯಾದರೆ ಫೀಡ್‌ಫಾರ್ವರ್ಡ್ ಹಾನಿ ಮಾಡುತ್ತದೆ. ಫೇಸ್ ಲೆಕ್ಕದಲ್ಲಿ ಹೇಳುವುದಾದರೆ 60 ಡಿಗ್ರಿ ಗಡಿ.

ಇಲ್ಲಿ ಎಲ್ಲರಿಗೂ ತಟ್ಟನೆ ಹೊಳೆಯುವ ಉಪಾಯ ಫ್ಲೋ ಸಿಗ್ನಲ್‌ಗೆ ಒಂದು ಫಿಲ್ಟರ್ ಹಾಕುವುದು. ವೇಗದ್ದು ಬೇಡ, ನಿಧಾನದ್ದು ಸಾಕು ಎನ್ನುವ ತರ್ಕ. ಆದರೆ ಫಿಲ್ಟರ್ ತಾನೂ ತಡ ಮಾಡುತ್ತದೆ. ನಿಮ್ಮ ಬ್ಲಾಕಿಗೆ 10 ಸೆಕೆಂಡಿನ ಫಿಲ್ಟರ್ ಸೇರಿಸಿ 45 ಸೆಕೆಂಡಿನ ಏರಿಳಿತಕ್ಕೆ ಲೆಕ್ಕ ಹಾಕಿದರೆ ಉಳಿಯುವ ಪಾಲು 129ರಿಂದ 147ಕ್ಕೆ ಏರುತ್ತದೆ. ಮೀಟರಿನ ಗದ್ದಲ ತಡೆಯಲು ಒಂದೆರಡು ಸೆಕೆಂಡಿನ ಫಿಲ್ಟರ್ ಇರಲಿ, ಅದಕ್ಕಿಂತ ಹೆಚ್ಚು ಬೇಡ. ಲೀಡ್-ಲ್ಯಾಗ್ ಕಿತ್ತುಹಾಕಿ ಬರೀ ಗೇನ್ ಇಟ್ಟರೆ 45 ಸೆಕೆಂಡಿನಲ್ಲಿ ಪಾಲು 114ಕ್ಕೆ ಇಳಿಯುತ್ತದೆ ನಿಜ. ಆದರೆ 200 ಸೆಕೆಂಡಿನಲ್ಲಿ ಶೇ. 31 ಇದ್ದದ್ದು 49 ಆಗುತ್ತದೆ, ನಾವು ಕಳೆದುಕೊಳ್ಳುವುದು ಅಲ್ಲಿಯೇ ಜಾಸ್ತಿ.

ಯಾಕೆ ಜಾಸ್ತಿ ಎನ್ನುವುದಕ್ಕೆ ಪಿಐ ಅನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹರಿವು ಗಂಟೆಗೆ 10 ಟನ್ ಮೇಲೆ, 10 ಟನ್ ಕೆಳಗೆ ಆಡುತ್ತಿದೆ ಎಂದುಕೊಳ್ಳಿ. ನಿಮ್ಮ ಹೀಟರ್‌ನಲ್ಲಿ ರಸಕ್ಕೆ ಸೇರುವುದು 28 ಡಿಗ್ರಿ. 100 ಟನ್ ಹರಿವಿಗೆ ಒಂದು ಟನ್ ಹೆಚ್ಚಾದರೆ ಸುಮಾರು 0.28 ಡಿಗ್ರಿ ಇಳಿಯುತ್ತದೆ. ಪಿಐ ಅನ್ನು 14 ಸೆಕೆಂಡಿನ ಡೆಡ್ ಟೈಮ್‌ಗೆ ತಕ್ಕಂತೆ ಮಾಮೂಲಿ ಬಿಗಿಯಲ್ಲಿ ಟ್ಯೂನ್ ಮಾಡಿದ್ದೀರಿ ಎಂದಿಟ್ಟುಕೊಳ್ಳೋಣ.

ಹತ್ತು ನಿಮಿಷದ ಏರಿಳಿತ ಏನೂ ಮಾಡದೆ ಬಿಟ್ಟರೆ ಉಷ್ಣತೆಯನ್ನು 2.6 ಡಿಗ್ರಿ ಆಚೀಚೆ ಆಡಿಸುತ್ತದೆ. ಪಿಐ ಒಂದೇ ಅದನ್ನು 0.76ಕ್ಕೆ ಇಳಿಸುತ್ತದೆ. ಫೀಡ್‌ಫಾರ್ವರ್ಡ್ ಸೇರಿದರೆ 0.08. ಚೆನ್ನಾಗಿದೆ, ಆದರೆ ಅದಿಲ್ಲದೆಯೂ ಬದುಕಬಹುದಿತ್ತು.

200 ಸೆಕೆಂಡಿನ ಏರಿಳಿತಕ್ಕೆ ಬನ್ನಿ. ಏನೂ ಮಾಡದಿದ್ದರೆ 1.7 ಡಿಗ್ರಿ. ಪಿಐ ಒಂದೇ ಇದ್ದರೆ 1.5, ಅಂದರೆ ಅದು ಹೆಚ್ಚು ಕಡಿಮೆ ಸುಮ್ಮನೆ ನೋಡುತ್ತಾ ಕೂತಿದೆ. ಫೀಡ್‌ಫಾರ್ವರ್ಡ್ ಸೇರಿದಾಗ 0.47. ನೀವು ಫ್ಲೋ ಮೀಟರಿಗೆ ಖರ್ಚು ಮಾಡಿದ್ದು ವಸೂಲಾಗುವುದು ಇಲ್ಲಿ. ಪಿಐಗೆ ಕೈಗೆಟುಕದ, ಆದರೆ ಹತ್ತು ಸೆಕೆಂಡಿನ ತಡ ಇನ್ನೂ ಮಾರಕವಾಗದ ಈ ನಡುವಿನ ಪಟ್ಟಿಯೇ ಫೀಡ್‌ಫಾರ್ವರ್ಡಿನ ನಿಜವಾದ ಜಾಗ. ನಿಧಾನದ ಕಡೆ ಅದನ್ನು ಪಿಐನ ಇಂಟಿಗ್ರಲ್ ಅನಗತ್ಯ ಮಾಡುತ್ತದೆ, ವೇಗದ ಕಡೆ ಸಮಯದ ತಪ್ಪು ಅದನ್ನು ಹಾಳು ಮಾಡುತ್ತದೆ. ಸಮಯದ ತಪ್ಪು ಹೆಚ್ಚಾದಷ್ಟೂ ಪಟ್ಟಿ ವೇಗದ ಕಡೆಯಿಂದ ಸವೆಯುತ್ತಾ ಬರುತ್ತದೆ.

45 ಸೆಕೆಂಡಿಗೆ ಏರಿಳಿತ ಬಂದಾಗ ಹೀಟರ್‌ನ ಲೋಹ ಮತ್ತು ಅದರೊಳಗಿನ ರಸವೇ ಅದನ್ನು ಬಹುಪಾಲು ನುಂಗುತ್ತವೆ, ಏನೂ ಮಾಡದಿದ್ದರೆ ಅರ್ಧ ಡಿಗ್ರಿ. ಪಿಐ ಆ ಅವಧಿಯಲ್ಲಿ ತಾನೇ 1.3 ಪಟ್ಟು ಹಿಗ್ಗಿಸುತ್ತದೆ. ಯಾವ ಫೀಡ್‌ಬ್ಯಾಕ್ ಲೂಪಿಗೂ ತನ್ನ ಮಿತಿಯ ಸ್ವಲ್ಪ ಆಚೆಗೆ ಇಂಥ ಒಂದು ಕೆಟ್ಟ ಪಟ್ಟಿ ಇದ್ದೇ ಇರುತ್ತದೆ. ಫೀಡ್‌ಫಾರ್ವರ್ಡ್ ಮತ್ತೆ 1.29 ಪಟ್ಟು. ಎರಡೂ ಗುಣಿಸಿ ಅರ್ಧ ಡಿಗ್ರಿ ಇದ್ದದ್ದು 0.83 ಆಗುತ್ತದೆ. ಕಣ್ಣಿಗೆ ಕಾಣುವಷ್ಟು ತೂಗಾಟ, ಆದರೆ ಕ್ಲಾರಿಫೈಯರ್‌ಗೆ ದೊಡ್ಡ ಪೆಟ್ಟಲ್ಲ. 103 ಡಿಗ್ರಿ ಸೆಟ್ ಮಾಡುವುದು ಫ್ಲ್ಯಾಶ್ ಟ್ಯಾಂಕಿನಲ್ಲಿ ರಸ ಕುದಿದು ಗಾಳಿ ಬಿಡಲಿ ಎಂದು, ಸರಾಸರಿ ಕೆಳಗಿಳಿದರೆ ಕೆಸರು ಕೆಳಗೆ ಕೂರುವುದಿಲ್ಲ. ಮೇಲೇರಿದರೆ ಬಣ್ಣ ಏರುತ್ತದೆ, ಸುಕ್ರೋಸ್ ಒಡೆಯುತ್ತದೆ. 45 ಸೆಕೆಂಡಿನ ಒಂದು ಡಿಗ್ರಿಗಿಂತ ಐದು ನಿಮಿಷದ ಎರಡು ಡಿಗ್ರಿ ನಿಮಗೆ ದುಬಾರಿ. ಹಾಗಾಗಿ ಈ ತೂಗಾಟ ಕಂಡು ಫೀಡ್‌ಫಾರ್ವರ್ಡನ್ನೇ ಆಫ್ ಮಾಡಬೇಡಿ.

ಒಂದು ಅನುಮಾನ ನಿಮ್ಮ ಆಪರೇಟರ್‌ಗಳಲ್ಲಿ ಇದ್ದೇ ಇರುತ್ತದೆ: ಫೀಡ್‌ಫಾರ್ವರ್ಡ್ ಲೂಪನ್ನು ಅಸ್ಥಿರ ಮಾಡುತ್ತಿದೆಯೇ? ಇಲ್ಲ. ರಸದ ಹರಿವಿನ ಮೇಲೆ ಸ್ಟೀಮ್ ವಾಲ್ವ್ ಪ್ರಭಾವ ಬೀರದಿರುವ ತನಕ ಫೀಡ್‌ಫಾರ್ವರ್ಡಿನ ತಪ್ಪು ಲೂಪಿನ ಸ್ಥಿರತೆಯನ್ನು ಮುಟ್ಟುವುದಿಲ್ಲ. ಹರಿವು ಶಾಂತವಾದ ಮೇಲೂ ಉಷ್ಣತೆ ತೂಗಾಡುತ್ತಲೇ ಇದ್ದರೆ ತಪ್ಪು ಪಿಐ ಟ್ಯೂನಿಂಗ್‌ನದು ಅಥವಾ ವಾಲ್ವ್ ಅಂಟಿಕೊಳ್ಳುತ್ತಿರುವುದರದು. ಹರಿವಿನ ಜೊತೆಗೇ ನಿಂತರೆ ಫೀಡ್‌ಫಾರ್ವರ್ಡಿನದು.

ಇನ್ನು ಗೇನ್. "ಮಾಡೆಲ್ ಎಷ್ಟು ಸರಿಯಿರಬೇಕು" ಎಂದಾಗ ಬಹಳಷ್ಟು ಜನ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಇದನ್ನೇ, ಮತ್ತು ಇದಕ್ಕೆ ಇರುವ ಸಡಿಲಿಕೆ ಅವರು ಅಂದುಕೊಂಡದ್ದಕ್ಕಿಂತ ದೊಡ್ಡದು. ಇರಬೇಕಾದ ಗೇನಿನ k ಪಟ್ಟು ಹಾಕಿದ್ದೀರಿ, ಫೇಸ್ ತಪ್ಪು φ ಇದೆ ಎಂದರೆ, ಫೀಡ್‌ಫಾರ್ವರ್ಡ್ ಲಾಭ ಕೊಡಲು ಬೇಕಾದ ಷರತ್ತು ಇಷ್ಟೇ:

```
k < 2*cos(φ)
```

ಸಮಯ ಪೂರ್ತಿ ಸರಿಯಿದ್ದರೆ ಗೇನ್ ಎರಡು ಪಟ್ಟಾಗುವವರೆಗೂ ನೀವು ನಷ್ಟದಲ್ಲಿಲ್ಲ. 200 ಸೆಕೆಂಡಿನ ಏರಿಳಿತಕ್ಕೆ ಹತ್ತು ಸೆಕೆಂಡು ತಡ ಎಂದರೆ 18 ಡಿಗ್ರಿ ಫೇಸ್, ಅಲ್ಲಿ k 1.9ರವರೆಗೆ ಹೋಗಬಹುದು. 75 ಸೆಕೆಂಡಿಗೆ ಬಂದರೆ 1.34. 60 ಸೆಕೆಂಡಿಗೆ ಬಂದರೆ ಸರಿಯಾದ ಗೇನೇ ಗಡಿಯಲ್ಲಿದೆ.

ಗಡಿ ಬಿಡಿ, ನಿಜವಾಗಿ ಎಷ್ಟು ಕೆಡುತ್ತದೆ ನೋಡಿ. 200 ಸೆಕೆಂಡಿನಲ್ಲಿ ಗೇನ್ ಸರಿಯಿದ್ದಾಗ ಶೇ. 31 ಉಳಿಯುತ್ತಿತ್ತು. ಗೇನ್ ಶೇ. 20 ಕಡಿಮೆಯಾದರೆ 34, ಶೇ. 20 ಹೆಚ್ಚಾದರೆ 40. ಎರಡೂ ಕಡೆ ಅಷ್ಟೇ ತಪ್ಪು, ಆದರೆ ಕಡಿಮೆ ಹಾಕಿದ್ದಕ್ಕೆ ದಂಡ ಕಡಿಮೆ. ಸಮಯದ ತಪ್ಪು ಇರುವಲ್ಲೆಲ್ಲಾ ಹೀಗೆಯೇ. ಅದಕ್ಕೇ ಅನುಮಾನವಿದ್ದರೆ ಗೇನನ್ನು ಸ್ವಲ್ಪ ಕೆಳಗೇ ಇಡಿ ಎನ್ನುತ್ತೇನೆ. ಉಳಿದ ಸ್ವಲ್ಪವನ್ನು ಪಿಐ ನಿಧಾನಕ್ಕೆ ತುಂಬಿಕೊಳ್ಳುತ್ತದೆ.

ಗೇನ್ ಕಡಿಮೆ ಇಡಲು ಇನ್ನೊಂದು ಕಾರಣವೂ ಇದೆ, ಇದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಹರಿವು ತಟ್ಟನೆ 10 ಟನ್ ಏರಿತು ಎನ್ನಿ. ಫೀಡ್‌ಫಾರ್ವರ್ಡ್ ಬೇಕಾದಷ್ಟು ಸ್ಟೀಮ್ ಕೊಟ್ಟಿದೆ, ಆದರೆ ಅದು ಬಂದು ತಲುಪುವ ಮೊದಲು ಉಷ್ಣತೆ ಒಂದು ಸಣ್ಣ ಗುಂಡಿಗೆ ಇಳಿಯುತ್ತದೆ. ಪಿಐಗೆ ಸ್ಟೀಮ್ ದಾರಿಯಲ್ಲಿದೆ ಎಂದು ಗೊತ್ತಿಲ್ಲ. ಅದು ಗುಂಡಿಯನ್ನು ನೋಡಿ ತಾನೂ ಸ್ಟೀಮ್ ಸೇರಿಸುತ್ತದೆ. ನಿಮ್ಮ ಅಂಕಿಗಳಲ್ಲಿ ಪಿಐನ ಇಂಟಿಗ್ರಲ್ ಹೀಗೆ ಕೂಡಿಹಾಕುವುದು, ಫೀಡ್‌ಫಾರ್ವರ್ಡ್ ಕೊಟ್ಟ ಸ್ಟೀಮಿನ ಸುಮಾರು ಮೂರನೇ ಒಂದು ಭಾಗದಷ್ಟು. ಆ ಹೆಚ್ಚುವರಿಯನ್ನು ಮತ್ತೆ ಇಳಿಸಲು ಉಷ್ಣತೆ 103ರ ಮೇಲೆ ಗುಂಡಿಯಷ್ಟೇ ವಿಸ್ತೀರ್ಣದ ದಿಬ್ಬ ಏರಲೇಬೇಕು. ಮಾಡೆಲ್ ನಿಖರವಾಗಿದ್ದೂ ಓವರ್‌ಶೂಟ್ ಬರುವುದು ಹೀಗೆ. ಬಹಳಷ್ಟು ಜನ ಅದನ್ನು ಕಂಡು ಮಾಡೆಲ್ ಗೇನ್ ಹೆಚ್ಚಾಗಿದೆ ಎಂದು ತೀರ್ಮಾನಿಸುತ್ತಾರೆ.

ಹಾಗಾದರೆ ಗೇನ್ ನಿಜವಾಗಿ ಎಲ್ಲಿ ಕೆಡುತ್ತದೆ? ನಿಮ್ಮಲ್ಲಿ ಅದಕ್ಕೆ ದೊಡ್ಡ ಬಾಗಿಲು ತೆರೆದಿರುವುದು ಫೀಡ್‌ಫಾರ್ವರ್ಡನ್ನು ನೇರ ವಾಲ್ವ್‌ಗೆ ಕೂಡಿಸಿರುವುದರಿಂದ. ಟ್ಯೂಬಿನೊಳಗೆ ಗಟ್ಟಿ ಪದರ ಕಟ್ಟುತ್ತಾ ಬಂದಂತೆ ಅಷ್ಟೇ ಶಾಖ ದಾಟಿಸಲು ಹೀಟರ್ ಶೆಲ್‌ನಲ್ಲಿ ಸ್ಟೀಮಿನ ಒತ್ತಡ ಏರಬೇಕಾಗುತ್ತದೆ. ಒತ್ತಡ ಏರಿದರೆ ವಾಲ್ವ್‌ನ ಎರಡು ಬದಿಯ ವ್ಯತ್ಯಾಸ ಕಡಿಮೆಯಾಗಿ, ಅದೇ ತೆರೆವಿಗೆ ಬರುವ ಸ್ಟೀಮ್ ಕಡಿಮೆ. ತೊಳೆದ ಮಾರನೇ ದಿನ ಒಂದು ಗೇನ್, ಮತ್ತೆ ತೊಳೆಯುವ ಹಿಂದಿನ ದಿನ ಇನ್ನೊಂದು. ಎಕ್ಸಾಸ್ಟ್ ಹೆಡರ್ ಒತ್ತಡ ಆಡಿದರೂ ಅದೇ ಕಥೆ. ವಾಲ್ವ್ ಕರ್ವ್ ಬೇರೆ ನೇರವಲ್ಲ.

ವಾಲ್ವ್ ಬದಲು ಸ್ಟೀಮ್ ಫ್ಲೋ ಸೆಟ್‌ಪಾಯಿಂಟ್‌ಗೆ ಕೊಟ್ಟು, ವಾಲ್ವನ್ನು ಒಂದು ಒಳ ಫ್ಲೋ ಲೂಪ್ ನೋಡಿಕೊಂಡರೆ ಇವೆಲ್ಲ ಒಂದೇ ಏಟಿಗೆ ಹೊರಗೆ. ಉಳಿಯುವುದು ಶಾಖದ ಲೆಕ್ಕ ಮಾತ್ರ, ಅದಕ್ಕೆ ಪದರದ ಚಿಂತೆಯಿಲ್ಲ. 15 ಬ್ರಿಕ್ಸ್ ರಸದ ವಿಶಿಷ್ಟ ಶಾಖ ಕೆಜಿಗೆ ಸುಮಾರು 3.8 ಕಿಲೋಜೌಲ್, ಈ ಒತ್ತಡದಲ್ಲಿ ಸ್ಟೀಮಿನ ಗುಪ್ತ ಶಾಖ ಸುಮಾರು 2200. 28 ಡಿಗ್ರಿ ಏರಿಸಲು ಒಂದು ಟನ್ ರಸಕ್ಕೆ 3.8 × 28 ÷ 2200, ಅಂದರೆ 0.048 ಟನ್ ಸ್ಟೀಮ್. 100 ಟನ್ನಿಗೆ ಗಂಟೆಗೆ 4.8 ಟನ್. ಬ್ರಿಕ್ಸ್ 12ರಿಂದ 18ರವರೆಗೆ ಓಡಾಡಿದರೂ ವಿಶಿಷ್ಟ ಶಾಖ ಶೇ. 2 ಆಚೀಚೆ ಆಗುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಒಳಬರುವ ಉಷ್ಣತೆ ಮಾತ್ರ 75ರಿಂದ 70ಕ್ಕೆ ಇಳಿದರೆ 28 ಡಿಗ್ರಿ 33 ಆಗುತ್ತದೆ, ಗೇನ್ ಶೇ. 18 ತಪ್ಪು. ಅದನ್ನು ಸ್ಥಿರಾಂಕ ಎಂದುಕೊಳ್ಳದೆ ಸೂತ್ರದೊಳಗೇ ತನ್ನಿ:

```
Ws_sp = (c / L) * Wj * (u_fb - T_in)
```

Ws_sp ಸ್ಟೀಮ್ ಫ್ಲೋ ಸೆಟ್‌ಪಾಯಿಂಟ್, Wj ಲೀಡ್-ಲ್ಯಾಗ್ ದಾಟಿ ಬಂದ ರಸದ ಹರಿವು, c ವಿಶಿಷ್ಟ ಶಾಖ, L ಗುಪ್ತ ಶಾಖ. ಪಿಐನ ಔಟ್‌ಪುಟ್ u_fb ಇಲ್ಲಿ ಸ್ಟೀಮಿನ ಟನ್ ಅಲ್ಲ, ಡಿಗ್ರಿ. ಮಾಡೆಲ್ ಸರಿಯಿದ್ದರೆ ಅದು 103ರ ಆಸುಪಾಸಿನಲ್ಲೇ ಕೂತಿರುತ್ತದೆ. ಇದರಿಂದ ಇನ್ನೊಂದು ಲಾಭ: ಹರಿವು ಕಡಿಮೆಯಾದಾಗ ಒಂದು ಟನ್ ಸ್ಟೀಮಿಗೆ ಉಷ್ಣತೆ ಹೆಚ್ಚು ಏರುತ್ತದೆ, ಅಂದರೆ ಲೂಪಿನ ಗೇನ್ ಏರುತ್ತದೆ. u_fb ಅನ್ನು Wj ಗುಣಿಸುವುದರಿಂದ ಅದು ತಾನಾಗಿ ಸರಿದೂಗುತ್ತದೆ, ಕಡಿಮೆ ಹರಿವಿನಲ್ಲಿ ಪಿಐ ಹುಚ್ಚೇಳುವುದಿಲ್ಲ.

ಸ್ಟೀಮ್ ಮೀಟರ್ ಅಷ್ಟು ನಿಖರವಲ್ಲ ಎಂದು ಯಾರಾದರೂ ಹೇಳಿದರೆ, ನಿಖರವಾಗಿರಬೇಕಿಲ್ಲ ಎನ್ನಿ. ಶೇ. 8 ಕಡಿಮೆ ತೋರಿಸಿದರೂ ಪ್ರತಿದಿನ ಅಷ್ಟೇ ಕಡಿಮೆ ತೋರಿಸಿದರೆ ಸಾಕು, u_fb ಅದನ್ನು ಒಮ್ಮೆ ಸರಿಮಾಡಿಕೊಂಡು ಸುಮ್ಮನಾಗುತ್ತದೆ.

ಗೇನ್ ಸರಿಯಿದೆಯೇ ಎಂದು ತಿಳಿಯಲು ಈಗ ಟೆಸ್ಟೂ ಬೇಡ. ಒಂದು ವಾರದ u_fb ಅನ್ನು ಹರಿವಿನ ಎದುರು ಪ್ಲಾಟ್ ಮಾಡಿ, ಹರಿವು ಒಂದಷ್ಟು ಹೊತ್ತು ನಿಂತಿದ್ದ ಬಿಂದುಗಳನ್ನು ಮಾತ್ರ ತೆಗೆದುಕೊಂಡು. ಚುಕ್ಕೆಗಳು ಅಡ್ಡಗೆರೆಯಂತೆ ಮಲಗಿದ್ದರೆ ಹರಿವಿಗೆ ಸಂಬಂಧಿಸಿದ ಗೇನ್ ಸರಿ. ಹರಿವು ಏರಿದಂತೆ u_fb ಏರುತ್ತಿದ್ದರೆ ಫೀಡ್‌ಫಾರ್ವರ್ಡ್ ಕಡಿಮೆ ಕೊಡುತ್ತಿದೆ, ಇಳಿಯುತ್ತಿದ್ದರೆ ಹೆಚ್ಚು. ಅಡ್ಡಗೆರೆಯೇ ಆಗಿದ್ದು 108ರಲ್ಲಿ ಕೂತಿದ್ದರೆ c/L ಶೇ. 15 ಕಡಿಮೆ ಇದೆ ಅಥವಾ ಸ್ಟೀಮ್ ಮೀಟರ್ ಹೆಚ್ಚು ತೋರಿಸುತ್ತಿದೆ. ತಿದ್ದಿ ಮುಗಿಸಿ.

ಸಮಯದ ತಪ್ಪನ್ನು ಮಾತ್ರ ಹೀಗೆ ನೋಡಲಾಗದು. ಅದಕ್ಕೆ ಪಿಐ ಅನ್ನು ಮ್ಯಾನುವಲ್‌ಗೆ ಹಾಕಿ, ಫೀಡ್‌ಫಾರ್ವರ್ಡ್ ಒಂದನ್ನೇ ಬಿಟ್ಟು, ಹರಿವನ್ನು 10 ಟನ್ ಏರಿಸಿ ಉಷ್ಣತೆಯ ಟ್ರೆಂಡ್ ತೆಗೆಯಿರಿ. ಕೊನೆಗೆ ಉಷ್ಣತೆ ಹಳೇ ಜಾಗಕ್ಕೇ ಬಂದು ನಿಲ್ಲಬೇಕು, ಅದು ಗೇನಿನ ಸಾಕ್ಷಿ. ನಡುವೆ ಬಿದ್ದ ಗುಂಡಿಯ ವಿಸ್ತೀರ್ಣ, ಡಿಗ್ರಿ ಗುಣಿಸು ಸೆಕೆಂಡಿನಲ್ಲಿ, ಸಮಯದ ಸಾಕ್ಷಿ. ಆ ವಿಸ್ತೀರ್ಣವನ್ನು, ಫೀಡ್‌ಫಾರ್ವರ್ಡ್ ಇಲ್ಲದಿದ್ದರೆ ಉಷ್ಣತೆ ಎಷ್ಟು ಇಳಿದು ನಿಲ್ಲುತ್ತಿತ್ತೋ ಆ ಡಿಗ್ರಿಯಿಂದ ಭಾಗಿಸಿದರೆ ಬರುವುದು ನೇರ ಸೆಕೆಂಡುಗಳಲ್ಲಿ ನಿಮ್ಮ ಒಟ್ಟು ತಡ. ನಿಮ್ಮ ಅಂಕಿಗಳಲ್ಲಿ ಆ ಇಳಿತ ಸುಮಾರು 2.8 ಡಿಗ್ರಿ. ಲೀಡ್-ಲ್ಯಾಗ್ ಇಲ್ಲದೆ ಟೆಸ್ಟ್ ಮಾಡಿದರೆ ವಿಸ್ತೀರ್ಣ 84 ಬರಬೇಕು, ಅಂದರೆ 30 ಸೆಕೆಂಡು: ಸ್ಟೀಮ್ ಕಡೆಯ 14+60ರಿಂದ ಹರಿವಿನ ಕಡೆಯ 4+40 ಕಳೆದದ್ದು. ಲೀಡ್ 60, ಲ್ಯಾಗ್ 40 ಹಾಕಿದ ಮೇಲೆ 28, ಅಂದರೆ ಆ ಹತ್ತು ಸೆಕೆಂಡು. ಇದಕ್ಕಿಂತ ಬಹಳ ಹೆಚ್ಚು ಬಂದರೆ ವಾಲ್ವ್ ಪೊಸಿಷನರ್ ನಿಧಾನವಿದೆ ಅಥವಾ ಫ್ಲೋ ಟ್ರಾನ್ಸ್‌ಮಿಟರ್‌ನಲ್ಲಿ ಯಾರೋ ದೊಡ್ಡ ಡ್ಯಾಂಪಿಂಗ್ ಇಟ್ಟಿದ್ದಾರೆ. ನಾನು ಮೊದಲು ತೆರೆದು ನೋಡುವುದು ಆ ಡ್ಯಾಂಪಿಂಗ್ ಸೆಟ್ಟಿಂಗನ್ನೇ.

ಮ್ಯಾನುವಲ್ ಬೇಕೇ ಬೇಕು. ಆಟೋದಲ್ಲಿ ಗೇನ್ ಸರಿಯಿರುವ ತನಕ ಇಂಟಿಗ್ರಲ್ ಆ ವಿಸ್ತೀರ್ಣವನ್ನು ಸೊನ್ನೆ ಮಾಡಿಬಿಡುತ್ತದೆ, ಗುಂಡಿಯಷ್ಟೇ ದಿಬ್ಬ ಎಬ್ಬಿಸಿ. ಟ್ರೆಂಡ್ ನೋಡಿ ಏನೂ ತಿಳಿಯುವುದಿಲ್ಲ.

ಲೀಡನ್ನು 70ಕ್ಕೆ ಏರಿಸಿದರೆ ಮ್ಯಾನುವಲ್‌ನಲ್ಲೂ ವಿಸ್ತೀರ್ಣ ಸೊನ್ನೆ ಬರುತ್ತದೆ. ಮೊದಲು ಸ್ವಲ್ಪ ಇಳಿದು, ಆಮೇಲೆ ಸ್ವಲ್ಪ ಏರಿ ನಿಲ್ಲುತ್ತದೆ, ಪಿಐ ಅನಗತ್ಯವಾಗಿ ಕೂಡಿಹಾಕುವುದೂ ತಪ್ಪುತ್ತದೆ. ನಿಧಾನದ ಏರಿಳಿತಕ್ಕೆ ಇದು ನಿಜಕ್ಕೂ ಉತ್ತಮ. ಬೆಲೆ ಏನೆಂದರೆ ಲೀಡ್ ಬ್ಲಾಕ್ ಫ್ಲೋ ಮೀಟರಿನ ಗದ್ದಲವನ್ನು 1.5ರ ಬದಲು 1.75 ಪಟ್ಟು ವಾಲ್ವ್‌ಗೆ ದಾಟಿಸುತ್ತದೆ, ಮತ್ತು ನಿಮ್ಮ 45 ಸೆಕೆಂಡಿನ ತೂಗಾಟಕ್ಕೆ ಇದರಿಂದ ಸಹಾಯವಿಲ್ಲ.

ಆ ತೂಗಾಟಕ್ಕೆ ಮದ್ದು ಫೀಡ್‌ಫಾರ್ವರ್ಡಿನ ಹೊರಗಿದೆ. ಹರಿವು ಮುಕ್ಕಾಲು ನಿಮಿಷಕ್ಕೊಮ್ಮೆ ಆಡುತ್ತಿದೆ ಎಂದರೆ ಹೆಚ್ಚಾಗಿ ಹಿಂದಿನ ಟ್ಯಾಂಕಿನ ಲೆವೆಲ್ ಕಂಟ್ರೋಲರ್ ಬಿಗಿಯಾಗಿದೆ. ಟ್ಯಾಂಕ್ ಇಟ್ಟಿರುವುದೇ ಏರಿಳಿತ ನುಂಗಲಿ ಎಂದು. ಲೆವೆಲ್ 50ಕ್ಕೇ ಅಂಟಿಕೊಂಡಿರಬೇಕಿಲ್ಲ. 35ರಿಂದ 65ರವರೆಗೆ ಓಡಾಡಲಿ, ಕಂಟ್ರೋಲರ್‌ನ ಗೇನ್ ಇಳಿಸಿ, ಇಂಟಿಗ್ರಲ್ ಸಮಯವನ್ನು ಚೆನ್ನಾಗಿ ಹೆಚ್ಚಿಸಿ. ಗೇನ್ ಮಾತ್ರ ಇಳಿಸಿ ಇಂಟಿಗ್ರಲ್ ಹಾಗೇ ಬಿಟ್ಟರೆ ಲೆವೆಲ್ ಲೂಪ್ ನಿಧಾನದ ದೊಡ್ಡ ಅಲೆಗೆ ಬೀಳುತ್ತದೆ, ಜೋಕೆ. ಹರಿವಿನ ಏರಿಳಿತ 45 ಸೆಕೆಂಡಿನಿಂದ ಮೂರು ನಾಲ್ಕು ನಿಮಿಷಕ್ಕೆ ಸರಿದರೆ ಅದು ಫೀಡ್‌ಫಾರ್ವರ್ಡಿನ ಒಳ್ಳೆಯ ಪಟ್ಟಿಯೊಳಗೆ ಬಂದು ಬೀಳುತ್ತದೆ.

ಹರಿವನ್ನು ಹೀಗೆ ನಿಮ್ಮದೇ ಕಂಟ್ರೋಲರ್ ಬದಲಿಸುತ್ತಿದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಲೆವೆಲ್ ಕಂಟ್ರೋಲರ್ ಕೇಳಿದ ಹೊಸ ಹರಿವನ್ನು ಸ್ಟೀಮ್ ಲೆಕ್ಕಕ್ಕೆ ಆಗಿಂದಾಗಲೇ ಕೊಡಿ, ರಸದ ಫ್ಲೋ ಲೂಪಿಗೆ ಮಾತ್ರ ಒಂದು ಡೆಡ್ ಟೈಮ್ ಬ್ಲಾಕ್ ಮೂಲಕ ಹತ್ತು ಸೆಕೆಂಡು ತಡವಾಗಿ ಕೊಡಿ. ಹಿಂದೆ ಸಾಧ್ಯವಿಲ್ಲ ಎಂದ ಆ ಹತ್ತು ಸೆಕೆಂಡು ಹೀಗೆ ಕೈಗೆ ಬರುತ್ತದೆ. ಸಡಿಲಗೊಂಡ ಲೆವೆಲ್ ಲೂಪಿಗೆ ಹತ್ತು ಸೆಕೆಂಡು ಲೆಕ್ಕಕ್ಕಿಲ್ಲ. ರಸದ ಫ್ಲೋ ಲೂಪ್ ತನ್ನ ಸೆಟ್‌ಪಾಯಿಂಟ್ ಹಿಂಬಾಲಿಸಲು ತೆಗೆದುಕೊಳ್ಳುವ ಒಂದೆರಡು ಸೆಕೆಂಡನ್ನು ಆ ಹತ್ತರಿಂದ ಕಳೆಯಿರಿ.

ಇಲ್ಲಿ ಒಂದು ಅಪಾಯವಿದೆ, ಅದನ್ನು ಕಟ್ಟಿಹಾಕದೆ ಇದನ್ನು ಚಾಲೂ ಮಾಡಬೇಡಿ. ಸ್ಟೀಮ್ ಈಗ ಅಳೆದ ಹರಿವನ್ನಲ್ಲ, ಕೇಳಿದ ಹರಿವನ್ನು ನಂಬುತ್ತಿದೆ. ಪಂಪ್ ಟ್ರಿಪ್ ಆದರೆ ಕೇಳಿದ್ದು 100 ಟನ್ನೇ ಇರುತ್ತದೆ, ಬರುವುದು ಸೊನ್ನೆ. ಟ್ಯೂಬಿನಲ್ಲಿ ನಿಂತ ರಸ ಕುದಿದು ಪದರ ಸುಟ್ಟು ಅಂಟಿಕೊಳ್ಳುತ್ತದೆ. ಎರಡರಲ್ಲಿ ಕಡಿಮೆಯದನ್ನು ಆರಿಸುವ ಬ್ಲಾಕ್ ಹಾಕಿದರೆ ಸಾಕು ಎನಿಸಬಹುದು, ಆದರೆ ಹರಿವು ಏರುವಾಗಲೆಲ್ಲಾ ಅಳೆದದ್ದೇ ಕಡಿಮೆ ಇರುವುದರಿಂದ ಗಳಿಸಿದ ಹತ್ತು ಸೆಕೆಂಡೂ ಹೋಗುತ್ತದೆ. ಅಳೆದ ಹರಿವನ್ನು ಹೋಲಿಸಬೇಕಾದದ್ದು ತಡಮಾಡಿ ಕಳಿಸಿದ ಸೆಟ್‌ಪಾಯಿಂಟ್ ಜೊತೆ. ಅದಕ್ಕಿಂತ ಶೇ. 10 ಕೆಳಗೆ ಮೂರು ನಾಲ್ಕು ಸೆಕೆಂಡು ನಿಂತರೆ ಸ್ಟೀಮ್ ಲೆಕ್ಕ ತಾನಾಗಿ ಅಳೆದ ಹರಿವಿಗೆ ಬದಲಾಗಲಿ, ಮತ್ತು ಪಂಪ್ ರನ್ನಿಂಗ್ ಸಿಗ್ನಲ್ ಹೋದ ಕೂಡಲೇ ಸ್ಟೀಮ್ ವಾಲ್ವ್ ಮುಚ್ಚುವ ಇಂಟರ್‌ಲಾಕ್ ಇದರಿಂದ ಬೇರೆಯಾಗಿಯೇ ಇರಲಿ.